ಗುರುತಿಸಿದ ಹುದ್ದೆ, ರೋಸ್ಟರ್ ಬಿಂದು ಮತ್ತು "ನಿಮ್ಮ ಸರದಿ ಬಂದಿಲ್ಲ": ಕಾಸರಗೋಡಿನ ಅಂಗವಿಕಲ ಅಭ್ಯರ್ಥಿಗೊಂದು ಮಾರ್ಗದರ್ಶಿ

ಬದಿಯಡ್ಕ ಕಡೆಯ ಗೆಳೆಯರೊಬ್ಬರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಎರಡೂ ಕಿವಿಗೆ ಯಂತ್ರ ಹಾಕುತ್ತಾರೆ. ಗಡಿ ಭಾಗದ ಒಂದು ಕೇಂದ್ರ ಸಂಸ್ಥೆಯಲ್ಲಿ ಗುಮಾಸ್ತ ಹುದ್ದೆ ಖಾಲಿ ಇದೆ ಎಂದು ಗೊತ್ತಾಗಿ ವಿಚಾರಿಸಲು ಹೋಗಿದ್ದರು. ಜೊತೆಗೆ ನಾನೂ ಇದ್ದೆ. ಕೌಂಟರಿನ ಗಾಜಿನ ಆಚೆ ಕೂತವರು ಮೂರು ಸಲ ಏನೋ ಹೇಳಿದರು. ಇವರಿಗೆ ಮೂರು ಸಲವೂ ಕೇಳಿಸಲಿಲ್ಲ. ಕೊನೆಗೆ ಅವರು ಒಂದು ಚೀಟಿಯಲ್ಲಿ ಬರೆದು ಗಾಜಿನ ಕೆಳಗಿನ ಸಂದಿಯಿಂದ ತಳ್ಳಿದರು: "ಹುದ್ದೆ ಗುರುತಿಸಿಲ್ಲ. ಮೀಸಲಾತಿ ಇಲ್ಲ."

ಆ ಚೀಟಿಯಲ್ಲಿರುವುದು ಎರಡು ವಾಕ್ಯ. ಮೊದಲನೆಯದು ನಿಜ ಇರಬಹುದು. ಆದರೆ ಮೊದಲನೆಯದರಿಂದ ಎರಡನೆಯದು ಹುಟ್ಟುವುದಿಲ್ಲ. ಹೆಚ್ಚಿನ ಕಚೇರಿಗಳು ಎಡವುವುದು ಇಲ್ಲೇ. ಎಷ್ಟು ಹುದ್ದೆ ಮೀಸಲು ಎನ್ನುವುದು ಒಂದು ಪ್ರಶ್ನೆ. ಆ ಮೀಸಲು ಜಾಗವನ್ನು ಯಾವ ಹುದ್ದೆಯಲ್ಲಿ ಕೊಡಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಗುರುತಿಸುವಿಕೆ, ಅಂದರೆ ಯಾವ ಹುದ್ದೆಯನ್ನು ಯಾವ ಅಂಗವಿಕಲರು ಮಾಡಬಹುದು ಎಂದು ಸರ್ಕಾರ ಪಟ್ಟಿ ಮಾಡುವುದು, ಉತ್ತರಿಸುವುದು ಎರಡನೆಯದಕ್ಕೆ ಮಾತ್ರ. ಇದೊಂದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಹಂತ 1: ನೀವು ಯಾವ ಗುಂಪಿನವರು ಎಂದು ನೋಡಿಕೊಳ್ಳಿ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. ಅದಕ್ಕೆ ಮೊದಲು 1995ರ ಕಾಯ್ದೆ ಇತ್ತು, ಮೀಸಲು ಶೇ. 3 ಇತ್ತು. ಹೊಸ ಕಾಯ್ದೆಯ 34ನೇ ಸೆಕ್ಷನ್ ಅದನ್ನು ಕನಿಷ್ಠ ಶೇ. 4 ಮಾಡಿತು. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಪ್ರಮಾಣಪತ್ರ ಇದ್ದವರಿಗೆ ಇದು ಸಿಗುತ್ತದೆ.

ಈ ನಾಲ್ಕನ್ನು ಹಂಚಿರುವ ರೀತಿ ಹೀಗೆ. ಕುರುಡು ಮತ್ತು ಮಂದದೃಷ್ಟಿಗೆ ಒಂದು. ಕಿವುಡು ಮತ್ತು ಕಡಿಮೆ ಕೇಳಿಸುವವರಿಗೆ ಒಂದು. ಕೈಕಾಲಿನ ಊನ, ಸೆರೆಬ್ರಲ್ ಪಾಲ್ಸಿ, ಕುಷ್ಠ ಗುಣವಾದವರು, ಕುಬ್ಜರು, ಆಸಿಡ್ ದಾಳಿಗೆ ಸಿಕ್ಕವರು, ಸ್ನಾಯುಕ್ಷಯ ಇರುವವರು, ಇಷ್ಟು ಜನರಿಗೆ ಸೇರಿ ಒಂದು. ಕೊನೆಯ ಒಂದು ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯಕ್ಕೆ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ ಈ ನಾಲ್ಕನೇ ಗುಂಪು ಬರೀ ಕಾಗದದ ಮೇಲಿನ ಮಾತಲ್ಲ, ಪಕ್ಕದ ಮನೆಯ ಮಕ್ಕಳು. ನೌಕರಿಯಲ್ಲಿ ಅತಿ ಹಿಂದೆ ಉಳಿದಿರುವ ಗುಂಪೂ ಅದೇ. ಯಾಕೆ ಎನ್ನುವುದು ಮುಂದೆ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ಸಣ್ಣ ಕೆಲಸ ಇದೆ. ಕೇರಳ ಪಿಎಸ್‌ಸಿಗೆ ಅರ್ಜಿ ಹಾಕುವವರು `thulasi.psc.kerala.gov.in` ತಾಣದ ತಮ್ಮ ಪ್ರೊಫೈಲ್ ತೆರೆದು ಅಂಗವೈಕಲ್ಯದ ವಿವರ ಸರಿಯಾಗಿದೆಯೇ ಎಂದು ಸ್ವತಃ ನೋಡಬೇಕು. ಅಕ್ಷಯ ಕೇಂದ್ರದಲ್ಲಿ ತುಂಬಿಸಿದವರು ಗಡಿಬಿಡಿಯಲ್ಲಿ ಆ ಕಲಂ ಬಿಟ್ಟಿರುವುದುಂಟು. ರ‍್ಯಾಂಕ್ ಪಟ್ಟಿಯಲ್ಲಿ ಅಂಗವಿಕಲರ ಪಟ್ಟಿ ಬೇರೆಯಾಗಿ ಇರುತ್ತದೆ. ಪ್ರೊಫೈಲಿನಲ್ಲಿ ಗುರುತು ಇಲ್ಲದಿದ್ದರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಕಾಣುವುದು ಕಷ್ಟ.

ಹಂತ 2: ಹುದ್ದೆ ಗುರುತಿಸುವುದು ಹೇಗೆ ಎಂದು ತಿಳಿಯಿರಿ

33ನೇ ಸೆಕ್ಷನ್ ಸರ್ಕಾರಕ್ಕೆ ಮೂರು ಕೆಲಸ ಹೇಳಿದೆ. ಯಾವ ಹುದ್ದೆಯನ್ನು ಯಾವ ಗುಂಪಿನವರು ಮಾಡಬಹುದು ಎಂದು ಗುರುತಿಸಬೇಕು. ಅದಕ್ಕೆ ತಜ್ಞರ ಸಮಿತಿ ಮಾಡಬೇಕು, ಅದರಲ್ಲಿ ಅಂಗವಿಕಲರೂ ಇರಬೇಕು. ಮೂರು ವರ್ಷ ಮೀರದಂತೆ ಪಟ್ಟಿಯನ್ನು ಮತ್ತೆ ಮತ್ತೆ ಪರಿಶೀಲಿಸಬೇಕು.

ನಮ್ಮ ಜಿಲ್ಲೆಯವರು ಎರಡು ಪಟ್ಟಿ ನೋಡಬೇಕಾಗುತ್ತದೆ. ಸಿಪಿಸಿಆರ್‌ಐ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ರೈಲ್ವೆ, ಅಂಚೆ ಇಂಥ ಕಡೆಗಳಿಗೆ ಕೇಂದ್ರದ ಪಟ್ಟಿ. ಅದು 2021ರ ಜನವರಿ 4ರ ಅಧಿಸೂಚನೆಯಲ್ಲಿದೆ. ರಾಜ್ಯದ ಹುದ್ದೆಗಳಿಗೆ ಕೇರಳ ಸಾಮಾಜಿಕ ನ್ಯಾಯ ಇಲಾಖೆಯ ಆದೇಶಗಳು. ಯಾವ ಗುಂಪಿನವರು ಅರ್ಹರು ಎಂಬುದು ಪಿಎಸ್‌ಸಿ ಅಧಿಸೂಚನೆಯ ಟಿಪ್ಪಣಿಯಲ್ಲೂ ಇರುತ್ತದೆ. ಕೇಂದ್ರದ ಪಟ್ಟಿಯಲ್ಲಿದೆ ಎಂದು ರಾಜ್ಯದ ಹುದ್ದೆಗೆ ನೇರವಾಗಿ ಹಕ್ಕು ಕೇಳಲು ಬರುವುದಿಲ್ಲ. ಆದರೆ ಅದೇ ಕೆಲಸವನ್ನು ಕೇಂದ್ರ ಗುರುತಿಸಿ ರಾಜ್ಯ ಬಿಟ್ಟಿದ್ದರೆ, ನಿಮ್ಮ ವಾದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಕೇಂದ್ರದ ಪಟ್ಟಿಯ ಒಂದು ಸಾಲು ಹಿಡಿದು ನೋಡಿ. ಹುದ್ದೆಯ ಹೆಸರು, ಕೆಲಸದ ವಿವರ, ಆಮೇಲೆ `S`, `ST`, `RW`, `SE`, `H`, `MF` ಎಂಬ ಅಕ್ಷರಗಳು. ಕೂರುವುದು, ನಿಲ್ಲುವುದು, ಓದುಬರಹ, ನೋಡುವುದು, ಕೇಳುವುದು, ಬೆರಳಿನಿಂದ ಹಿಡಿದು ಮಾಡುವ ಕೆಲಸ. ಆ ಹುದ್ದೆಗೆ ಬೇಕಾದ ದೈಹಿಕ ಕೆಲಸಗಳಿವು. ಇನ್ನೊಂದು ಕಲಂನಲ್ಲಿ `B`, `LV`, `D`, `HH`, `OA`, `OL` ಎಂದು ಅರ್ಹ ಗುಂಪುಗಳು. `OA` ಅಂದರೆ ಒಂದು ಕೈ, `OL` ಅಂದರೆ ಒಂದು ಕಾಲು.

ತಜ್ಞರು ಮಾಡಬೇಕಾದ್ದು ಇಷ್ಟು: ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿಯೊಂದನ್ನೂ ಸಾಧನಗಳ ಸಹಾಯದಿಂದ ಮಾಡಲು ಆಗುತ್ತದೆಯೇ ಎಂದು ನೋಡಬೇಕು. ಗುಮಾಸ್ತರಿಗೆ ಫೈಲ್ ಓದಬೇಕು. ಸ್ಕ್ರೀನ್ ರೀಡರ್ ಇದ್ದರೆ ಕಣ್ಣು ಕಾಣದವರೂ ಟೈಪ್ ಆದ ಫೈಲ್ ಓದುತ್ತಾರೆ. ಆದರೆ ಅನೇಕ ಕಡೆ ಆಗುವುದು ಹುದ್ದೆಯ ಹೆಸರು ನೋಡಿ ಗುರುತಿಸುವುದು. "ಗುಮಾಸ್ತ ಅಂದರೆ ಕೈಬರಹ" ಎಂದು ಯಾರೋ ಒಮ್ಮೆ ಬರೆದರು, ಮುಂದಿನ ಪಟ್ಟಿಗಳಿಗೂ ಅದೇ ಹೋಯಿತು. ಕಚೇರಿಗಳಲ್ಲಿ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದರೂ ಪಟ್ಟಿಯ ಮೇಜಿನ ಮೇಲೆ ಇನ್ನೂ ದಪ್ಪ ರಿಜಿಸ್ಟರೇ ಕೂತಿರುತ್ತದೆ.

ಕೇಂದ್ರದ ಪಟ್ಟಿ ಓದುವಾಗ ಒಂದು ಮಾತು ನೆನಪಿಡಿ. ಅದು ಸಂಪೂರ್ಣ ಪಟ್ಟಿ ಅಲ್ಲ. ಹೆಸರು ಬೇರೆ ಇದ್ದರೂ ಕೆಲಸ ಅದೇ ರೀತಿಯದಾದರೆ ಅದನ್ನೂ ಗುರುತಿಸಿದ ಹುದ್ದೆ ಎಂದೇ ತಿಳಿಯಬೇಕು. "ಈ ಹೆಸರು ಪಟ್ಟಿಯಲ್ಲಿಲ್ಲ" ಎಂದವರಿಗೆ ಕೆಲಸದ ವಿವರದ ಕಲಂ ತೋರಿಸಿ.

ಹಂತ 3: ರೋಸ್ಟರ್ ಲೆಕ್ಕ ನೀವೇ ಹಾಕಿ

ಕೇಂದ್ರ ಸಂಸ್ಥೆಗಳಿಗೆ 2018ರ ಜನವರಿ 15ರ ಆದೇಶ ಇದೆ. ಪ್ರತಿ ಗುಂಪಿಗೂ, ಅಂದರೆ ಎ, ಬಿ, ಸಿ ಎಂಬ ವರ್ಗಗಳಿಗೆ, ಬೇರೆ ಬೇರೆ 100 ಬಿಂದುಗಳ ರೋಸ್ಟರ್ ಪುಸ್ತಕ ಇಡಬೇಕು. ಖಾಲಿಯಾದ ಪ್ರತಿ ಜಾಗವನ್ನೂ ಸಾಲಾಗಿ ಅದರಲ್ಲಿ ಬರೆಯಬೇಕು. ಗುರುತಿಸಿದ್ದು, ಗುರುತಿಸದ್ದು ಎಂಬ ಭೇದ ಇಲ್ಲ. ನೂರನ್ನು 25ರ ನಾಲ್ಕು ಬ್ಲಾಕ್ ಮಾಡಲಾಗಿದೆ. 1, 26, 51, 76ನೇ ಬಿಂದುಗಳು ಅಂಗವಿಕಲರಿಗೆ. ಕ್ರಮವಾಗಿ ಕಣ್ಣು, ಕಿವಿ, ಕೈಕಾಲು, ಕೊನೆಗೆ ನಾಲ್ಕನೇ ಗುಂಪು.

ಈಗ ಗೆಳೆಯರ ವಿಷಯಕ್ಕೆ ಬರೋಣ. ಆ ಸಂಸ್ಥೆಯಲ್ಲಿ ಸಿ ವರ್ಗದಲ್ಲಿ ಕೆಲವು ವರ್ಷಗಳಲ್ಲಿ ಒಟ್ಟು 60 ಜಾಗ ಖಾಲಿಯಾಗಿದ್ದವು. ಅದರಲ್ಲಿ ಗುರುತಿಸಿದ ಹುದ್ದೆಗಳು 20. ಕಚೇರಿಯ ಲೆಕ್ಕ ಹೀಗಿತ್ತು: 20ರ ಶೇ. 4 ಅಂದರೆ 0.8, ಒಂದಕ್ಕಿಂತ ಕಡಿಮೆ, ಹಾಗಾಗಿ ಮೀಸಲು ಸೊನ್ನೆ.

ಸರಿಯಾದ ಲೆಕ್ಕ ಬೇರೆ. 60 ಜಾಗಗಳೂ ರೋಸ್ಟರಿಗೆ ಹೋಗಬೇಕು. 1, 26, 51 ಈ ಮೂರು ಬಿಂದುಗಳು ದಾಟಿವೆ. ಅಂದರೆ ಮೀಸಲು ಮೂರು. ಎರಡನೆಯದು ಕಿವಿ ಕೇಳದವರದ್ದು. ಸೊನ್ನೆ ಎಲ್ಲಿ, ಮೂರು ಎಲ್ಲಿ!

ಇದು ನನ್ನ ಸ್ವಂತ ವ್ಯಾಖ್ಯಾನ ಅಲ್ಲ. 1995ರ ಕಾಯ್ದೆಯ ಕಾಲದಲ್ಲೇ ಈ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು. ರಾಷ್ಟ್ರೀಯ ಅಂಧರ ಒಕ್ಕೂಟದ ಪ್ರಕರಣದಲ್ಲಿ 2013ರ ಅಕ್ಟೋಬರ್ 8ರಂದು ತೀರ್ಪು ಬಂತು. ಮೀಸಲಾತಿಯ ಲೆಕ್ಕ ಕೇಡರಿನ ಒಟ್ಟು ಖಾಲಿ ಜಾಗಗಳ ಮೇಲೆ ಹಾಕಬೇಕು, ಗುರುತಿಸಿದ ಹುದ್ದೆಗಳ ಮೇಲೆ ಮಾತ್ರ ಅಲ್ಲ ಎಂದು ಕೋರ್ಟ್ ಹೇಳಿತು. ಅದಕ್ಕೂ ಮೊದಲು 2010ರಲ್ಲಿ ರವಿ ಪ್ರಕಾಶ್ ಗುಪ್ತಾ ಪ್ರಕರಣದಲ್ಲಿ, ಹುದ್ದೆ ಗುರುತಿಸಲು ತಡ ಮಾಡಿದ್ದನ್ನೇ ನೆಪ ಮಾಡಿ ಮೀಸಲು ತಪ್ಪಿಸಲು ಬರುವುದಿಲ್ಲ ಎಂದಿತ್ತು. ಈಗ 2017ರ ಕೇಂದ್ರ ನಿಯಮಗಳ 11ನೇ ನಿಯಮದಲ್ಲಿ ಗುರುತಿಸಿದ ಮತ್ತು ಗುರುತಿಸದ ಎರಡೂ ಹುದ್ದೆಗಳ ಖಾಲಿ ಜಾಗ ಸೇರಿಸಬೇಕು ಎಂದು ಬಿಡಿಸಿಯೇ ಬರೆದಿದ್ದಾರೆ.

ಹಾಗಾದರೆ ಬಿಂದು ಬಿದ್ದ ಜಾಗವೇ ಆ ಗುಂಪಿಗೆ ಹೊಂದದಿದ್ದರೆ? ಗೆಳೆಯರ ವಿಷಯದಲ್ಲಿ ಆದದ್ದು ಇದೇ. 26ನೇ ಜಾಗ ಟೆಲಿಫೋನ್ ಆಪರೇಟರ್ ಹುದ್ದೆ. ಕಿವಿ ಕೇಳದವರಿಗೆ ಅದು ಆಗದು, ಒಪ್ಪೋಣ. ಕಚೇರಿಯವರು ಆ ಸಾಲಿನಲ್ಲಿ "ಗುರುತಿಸಿಲ್ಲ" ಎಂದು ಬರೆದು 27ಕ್ಕೆ ಹೋಗಿಬಿಟ್ಟರು. ಆದೇಶ ಹೇಳುವುದು ಬೇರೆ. ಬ್ಲಾಕಿನ ಮೊದಲ ಬಿಂದು ಹೊಂದದಿದ್ದರೆ ಅದೇ ಬ್ಲಾಕಿನ ಉಳಿದ ಜಾಗಗಳಲ್ಲಿ, ಇಲ್ಲಿ 27ರಿಂದ 50ರೊಳಗೆ, ಹೊಂದುವ ಒಂದನ್ನು ಮೀಸಲು ಎಂದು ತೆಗೆದಿಡಬೇಕು. ಆ ಸಾಲಿನಲ್ಲಿ ಗುಮಾಸ್ತ ಹುದ್ದೆಗಳು ಇದ್ದೇ ಇದ್ದವು. ಇಡೀ ಬ್ಲಾಕಿನಲ್ಲಿ ಒಂದೂ ಹೊಂದದಿದ್ದರೆ ಮುಂದಿನ ಬ್ಲಾಕಿನಲ್ಲಿ ಎರಡು ಕೊಡಬೇಕು. ಜಾಗ ಸರಿಯುತ್ತದೆ, ಸಾಯುವುದಿಲ್ಲ.

ಹಂತ 4: ಕನ್ನಡ ಹುದ್ದೆಗಳ ಸಣ್ಣ ಸಂಖ್ಯೆಯ ತೊಂದರೆ

ಇದು ನಮ್ಮದೇ ತಲೆನೋವು, ಸ್ವಲ್ಪ ನಿಧಾನವಾಗಿ ನೋಡೋಣ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರು, ಕನ್ನಡ ಮತ್ತು ಮಲಯಾಳ ಬಲ್ಲ ಗುಮಾಸ್ತರು ಎಂದು ಪಿಎಸ್‌ಸಿ ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸುತ್ತದೆ. ಕನ್ನಡಿಗರಿಗೆ ಅದು ಬೇಕೇ ಬೇಕು. ಆದರೆ ಇಂಥ ಹುದ್ದೆಗಳ ಸಂಖ್ಯೆ ಕಡಿಮೆ. ಕೇರಳದಲ್ಲೂ ಅಂಗವಿಕಲರ ಸರದಿಗಳು, ಅಂದರೆ ರೋಸ್ಟರ್ ಬಿಂದುಗಳು, 1, 26, 51, 76. ಕನ್ನಡ ಹುದ್ದೆಗೆ ಸರದಿಯನ್ನು ಬೇರೆಯಾಗಿಯೇ ಓಡಿಸಿದರೆ ಏನಾಗುತ್ತದೆ?

ವರ್ಷಕ್ಕೆ ಮೂರು ಜಾಗ ಖಾಲಿಯಾಗುತ್ತವೆ ಎಂದುಕೊಳ್ಳಿ. ಮೊದಲ ವರ್ಷ ಒಂದನೇ ಸರದಿ, ಕಣ್ಣಿನ ಗುಂಪಿನವರಿಗೆ. ಎಂಟು ವರ್ಷಕ್ಕೆ 24 ಜಾಗ. 26ನೇ ಸರದಿ ಬರುವುದು ಒಂಬತ್ತನೇ ವರ್ಷ. 51 ಬರುವುದು ಹದಿನೇಳನೇ ವರ್ಷ. 76 ಬರುವುದು ಇಪ್ಪತ್ತಾರನೇ ವರ್ಷ. ನಾಲ್ಕನೇ ಗುಂಪಿನ ಹುಡುಗ ಇವತ್ತು ಇಪ್ಪತ್ತೆರಡು ವಯಸ್ಸಿನವನಾದರೆ ಅವನ ಸರದಿ ಬರುವಾಗ ನಲವತ್ತೇಳು ದಾಟಿರುತ್ತದೆ. ರ‍್ಯಾಂಕ್ ಪಟ್ಟಿಯ ಆಯುಸ್ಸು ಸಾಮಾನ್ಯವಾಗಿ ಮೂರು ವರ್ಷ. ವಯೋಮಿತಿಯಲ್ಲಿ ಎಷ್ಟು ಸಡಿಲಿಕೆ ಕೊಟ್ಟರೂ ಇದನ್ನು ಮುಟ್ಟಲು ಆಗುವುದಿಲ್ಲ.

34ನೇ ಸೆಕ್ಷನ್ನಿನಲ್ಲಿರುವ ಮಾತು "ಪ್ರತಿ ಗುಂಪಿನ ಹುದ್ದೆಗಳ ಕೇಡರ್ ಬಲ" ಎಂದು. ಇಲ್ಲಿ ಗುಂಪು ಅಂದರೆ ಹುದ್ದೆಗಳ ವರ್ಗ, ಅಂಗವಿಕಲರ ಗುಂಪು ಅಲ್ಲ. ಒಂದೊಂದು ಹುದ್ದೆಗೂ ಒಂದೊಂದು ಪುಟ್ಟ ರೋಸ್ಟರ್ ಮಾಡಿ ಎಂದು ಅದು ಹೇಳುವುದಿಲ್ಲ. ಹಾಗಾಗಿ ಕನ್ನಡ ಮಾಧ್ಯಮದ ಹುದ್ದೆಯ ಅಭ್ಯರ್ಥಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಈ ಹುದ್ದೆಯ ಸರದಿ ಬೇರೆಯಾಗಿ ಓಡುತ್ತದೆಯೋ, ಉಳಿದವುಗಳ ಜೊತೆ ಸೇರಿ ಓಡುತ್ತದೆಯೋ? ಈಗ ಎಷ್ಟನೇ ಸರದಿಯಲ್ಲಿದೆ?" ಉತ್ತರ ಬರಹದಲ್ಲಿ ಸಿಕ್ಕರೆ ಮಾತ್ರ ಮುಂದಿನ ವಾದಕ್ಕೆ ನೆಲೆ ಸಿಗುತ್ತದೆ.

ಈ ಸರದಿಗಳ ಬಗ್ಗೆ ಇನ್ನೊಂದು ಜಗಳವೂ ನಡೆದಿದೆ. ಅಂಗವಿಕಲ ಮೀಸಲಾತಿ ಅಡ್ಡ ಮೀಸಲಾತಿ. ಅಂದರೆ ಯಾವ ಜಾತಿಯ ಕೋಟಾದ ಪಾಲನ್ನೂ ಕಡಿಮೆ ಮಾಡಬಾರದು, ಎಲ್ಲದರ ಒಳಗೂ ಹಾಯಬೇಕು. ಕೇರಳದ ಸಮುದಾಯ ಮೀಸಲಾತಿ 20ರ ಸುತ್ತಿನಲ್ಲಿ ತಿರುಗುತ್ತದೆ. 26 ಅಂದರೆ ಎರಡನೇ ಸುತ್ತಿನ 6ನೇ ಸರದಿ, 76 ಅಂದರೆ ನಾಲ್ಕನೇ ಸುತ್ತಿನ 16ನೇ ಸರದಿ. ಎರಡೂ ಮುಸ್ಲಿಂ ಸರದಿಗಳು. ಅದರ ಮೇಲೇ ಅಂಗವಿಕಲ ಸರದಿ ಕೂರಿಸಿದಾಗ ತಮ್ಮ ಪಾಲು ಹೋಯಿತು ಎಂದು ಆ ಸಮುದಾಯದವರು ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪವೇ. ಅಂಗವಿಕಲರಿಗೂ ಮುಸ್ಲಿಮರಿಗೂ ಜಗಳ ತಂದಿಟ್ಟದ್ದು ಕಾಯ್ದೆ ಅಲ್ಲ, ರೋಸ್ಟರ್ ಹೆಣೆದ ರೀತಿ.

ಹಂತ 5: ಜಾಗ ಮಾಯವಾಗುವ ಉಳಿದ ಮೂರು ತಾವು

ಒಂದು, ಸ್ವಂತ ಅಂಕದ ಮೇಲೆ ಬಂದವರನ್ನು ಕೋಟಾಕ್ಕೆ ಸೇರಿಸುವುದು. ಯಾವ ಸಡಿಲಿಕೆಯೂ ಇಲ್ಲದೆ ಸಾಮಾನ್ಯ ಪಟ್ಟಿಯಲ್ಲೇ ಆಯ್ಕೆಯಾದ ಅಂಗವಿಕಲರನ್ನು ಕೇಂದ್ರ ಆದೇಶದ ಪ್ರಕಾರ ಮೀಸಲು ಜಾಗಕ್ಕೆ ಲೆಕ್ಕ ಹಾಕಬಾರದು. "ನಮ್ಮಲ್ಲಿ ಈಗಾಗಲೇ ಒಬ್ಬರು ಇದ್ದಾರಲ್ಲ" ಎಂಬ ಉತ್ತರ ಬಂದರೆ, ಅವರು ಯಾವ ಬಿಂದುವಿನಲ್ಲಿ ಬಂದವರು ಎಂದು ಕೇಳಿ.

ಎರಡು, ಅವಸರದ ಅದಲುಬದಲು. ಜನ ಸಿಗಲಿಲ್ಲ ಎಂದಾದರೆ ಜಾಗವನ್ನು ಮುಂದಿನ ನೇಮಕಾತಿ ವರ್ಷಕ್ಕೆ ಒಯ್ಯಬೇಕು. ಆಗಲೂ ಸಿಗದಿದ್ದರೆ ಅಂಗವಿಕಲರ ಬೇರೆ ಗುಂಪಿಗೆ ಕೊಡಬೇಕು. ಅವರೂ ಇಲ್ಲದಿದ್ದರೆ ಮಾತ್ರ ಬೇರೆಯವರಿಗೆ. ಕಚೇರಿಗಳು ನಡುವಿನ ಎರಡು ಮೆಟ್ಟಿಲು ಹಾರಿ ನೇರ ಕೊನೆಗೆ ಹೋಗುತ್ತವೆ. ಪತ್ತೆಹಚ್ಚುವುದು ಸುಲಭ: ಎರಡು ವರ್ಷದ ಜಾಹೀರಾತುಗಳನ್ನು ಪಕ್ಕ ಪಕ್ಕ ಇಡಿ. ಮೊದಲ ವರ್ಷ ಖಾಲಿ ಉಳಿದ ಮೀಸಲು ಜಾಗ ಎರಡನೇ ಜಾಹೀರಾತಿನಲ್ಲಿ ಬ್ಯಾಕ್‌ಲಾಗ್ ಎಂದು ಕಾಣದಿದ್ದರೆ ಅಲ್ಲೇ ಏನೋ ಆಗಿದೆ.

ಮೂರು, ಬಡ್ತಿ. ನೇರ ನೇಮಕಾತಿಗೆ ಮಾತ್ರ ಮೀಸಲು ಎಂದು ಕೇರಳ ವಾದಿಸಿತ್ತು. ಲೀಸಮ್ಮ ಜೋಸೆಫ್ ಪ್ರಕರಣದಲ್ಲಿ 2021ರ ಜೂನ್ 28ರಂದು ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಲೀಸಮ್ಮ ಪೊಲೀಸ್ ಇಲಾಖೆಯಲ್ಲಿ ಟೈಪಿಸ್ಟ್ ಆಗಿ ಸೇರಿದವರು. ಬಡ್ತಿ ಹುದ್ದೆಗಳನ್ನೂ ಗುರುತಿಸಿ, ಮೂರು ತಿಂಗಳಲ್ಲಿ ಮೀಸಲು ಜಾರಿ ಮಾಡಿ ಎಂದು ಕೋರ್ಟ್ ರಾಜ್ಯಕ್ಕೆ ಹೇಳಿತು.

ಅನುದಾನಿತ ಶಾಲೆಗಳದ್ದು ಬೇರೆಯೇ ಪುರಾಣ. ಕೇರಳದಲ್ಲಿ ಅಲ್ಲಿಯೂ ಬ್ಯಾಕ್‌ಲಾಗ್ ಲೆಕ್ಕ ಹಾಕಬೇಕು: 1996ರ ಫೆಬ್ರವರಿ 7ರಿಂದ 2017ರ ಏಪ್ರಿಲ್ 18ರವರೆಗೆ ಶೇ. 3, ಆಮೇಲೆ ಶೇ. 4. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಅನುದಾನಿತ ಶಾಲೆಗೆ ಅರ್ಜಿ ಹಾಕುವವರು ವ್ಯವಸ್ಥಾಪಕರ ಬಾಯಿಮಾತು ನಂಬದೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಇಡಿ. ಆ ಜಾಗಗಳಿಗೆ ಹೆಸರು ಕೇಳುವುದು ಅಲ್ಲಿಂದ.

ಹಂತ 6: ದಾಖಲೆ ತೆಗೆಸಿ

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಉತ್ತರಕ್ಕೆ 30 ದಿನ. "ಮೀಸಲಾತಿ ಪಾಲಿಸುತ್ತಿದ್ದೀರಾ?" ಎಂದು ಕೇಳಬೇಡಿ. "ಹೌದು" ಎಂಬ ಒಂದು ಪದದ ಉತ್ತರ ಬರುತ್ತದೆ. ಕಾಗದವನ್ನೇ ಕೇಳಿ:

1. ಈ ವರ್ಗದ ಅಂಗವಿಕಲ ರೋಸ್ಟರ್ ಪುಸ್ತಕದ, ಶುರುವಿನಿಂದ ಇವತ್ತಿನವರೆಗಿನ ಎಲ್ಲ ಪುಟಗಳ ದೃಢೀಕೃತ ಪ್ರತಿ.
2. 1, 26, 51, 76ನೇ ಬಿಂದುಗಳಲ್ಲಿ ಇದ್ದ ಹುದ್ದೆ ಯಾವುದು, ಯಾವ ಗುಂಪಿನವರನ್ನು ನೇಮಿಸಲಾಯಿತು, ಯಾವ ದಿನಾಂಕ.
3. ಹುದ್ದೆ ಗುರುತಿಸಿಲ್ಲ ಎಂದು ಬಿಟ್ಟ ಬಿಂದುಗಳ ಬದಲಿಗೆ ಅದೇ ಬ್ಲಾಕಿನಲ್ಲಿ ಮೀಸಲಿಟ್ಟ ಜಾಗ ಯಾವುದು.
4. ಈ ಹುದ್ದೆಯನ್ನು ಗುರುತಿಸಿದ ಅಥವಾ ಕೈಬಿಟ್ಟ ತಜ್ಞ ಸಮಿತಿಯ ನಡಾವಳಿ, ಕೊನೆಯ ಪರಿಶೀಲನೆಯ ದಿನಾಂಕ.
5. ಅದಲುಬದಲು ಅಥವಾ ವಿನಾಯಿತಿ ಪಡೆದಿದ್ದರೆ ಸರ್ಕಾರದ ಮಂಜೂರಾತಿ ಪತ್ರ.

ಮೂರನೇ ಪ್ರಶ್ನೆಯಲ್ಲೇ ಬಹುಪಾಲು ಕಚೇರಿಗಳು ತಡವರಿಸುತ್ತವೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ, ಜೊತೆಗೆ ರಾಜ್ಯ ಕಚೇರಿಗಾದರೆ ಮಲಯಾಳದ, ಕೇಂದ್ರ ಕಚೇರಿಗಾದರೆ ಇಂಗ್ಲಿಷಿನ ಪ್ರತಿ ಇಡಿ. ಭಾಷೆಯ ನೆಪದಲ್ಲಿ ತಿಂಗಳು ಕಳೆಯುವುದು ಬೇಡ, ಅಲ್ವಾ?

ಹಂತ 7: ದೂರು, ಮತ್ತು ಗಡಿಯಾರ

ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ 23ನೇ ಸೆಕ್ಷನ್ ಪ್ರಕಾರ ದೂರು ಪರಿಹಾರ ಅಧಿಕಾರಿ ಇರಬೇಕು. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ತೃಪ್ತಿಯಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ. ಅದಲ್ಲದೆ ಅಂಗವಿಕಲರಿಗಾಗಿಯೇ ರಾಜ್ಯದ ಹುದ್ದೆಗೆ ರಾಜ್ಯ ಆಯುಕ್ತರು, ಕೇಂದ್ರದ ಹುದ್ದೆಗೆ ಮುಖ್ಯ ಆಯುಕ್ತರು ಇದ್ದಾರೆ. ಇವರು ದಾಖಲೆ ತರಿಸಬಹುದು, ಅಧಿಕಾರಿಗಳನ್ನು ಕರೆಸಬಹುದು. ಆದರೆ ಕೊನೆಗೆ ಕೊಡುವುದು ಶಿಫಾರಸು. ಕಚೇರಿ ಮೂರು ತಿಂಗಳಲ್ಲಿ ಏನು ಮಾಡಿದೆ ಎಂದು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಸುಮ್ನೆ ಕಾಯುವುದು. ಆಯುಕ್ತರಲ್ಲಿ ದೂರು ಇದೆ ಎಂದು ನ್ಯಾಯಮಂಡಳಿಯ ಗಡಿಯಾರ ನಿಲ್ಲುವುದಿಲ್ಲ. ಕಚೇರಿಯ ಆದೇಶ ಬಂದ ದಿನದಿಂದ ಒಂದು ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಕಚೇರಿಗೆ ಮನವಿ ಕೊಟ್ಟು ಆರು ತಿಂಗಳು ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ. ರಾಜ್ಯದ ಹುದ್ದೆಗೆ ಕೇರಳ ಆಡಳಿತ ನ್ಯಾಯಮಂಡಳಿ, ಕೇಂದ್ರದ್ದಕ್ಕೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಎರ್ನಾಕುಳಂ ಪೀಠ. ಮನವಿ ಕೊಟ್ಟ ದಿನದ ಸ್ವೀಕೃತಿ ರಶೀದಿಯನ್ನು ಮನೆಯ ಆಧಾರಪತ್ರದಷ್ಟೇ ಜೋಪಾನವಾಗಿ ಇಡಿ.

ಗೆಳೆಯರ ಅರ್ಜಿಗೆ ಇಪ್ಪತ್ತೆಂಟನೇ ದಿನ ಉತ್ತರ ಬಂತು. ರೋಸ್ಟರಿನ ನಾಲ್ಕು ಪುಟಗಳ ಜೆರಾಕ್ಸ್. 26ನೇ ಸಾಲಿನಲ್ಲಿ "ಗುರುತಿಸಿಲ್ಲ" ಎಂಬ ಷರಾ. 27ರಿಂದ 50ರವರೆಗೆ ಒಂಬತ್ತು ಗುಮಾಸ್ತ ಹುದ್ದೆಗಳು, ಎಲ್ಲದರ ಮುಂದೆಯೂ "ಮೀಸಲು ಇಲ್ಲ". ಅವರು ಆ ಒಂಬತ್ತೂ ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದರು. ಕೌಂಟರಿನಲ್ಲಿ ಸಿಕ್ಕಿದ್ದ ಆ ಚೀಟಿಯನ್ನೂ ಮಡಿಸಿ ಅದೇ ಫೈಲಿನಲ್ಲಿ ಇಟ್ಟರು. ಮನವಿ ಕೊಟ್ಟು ಈಗ ನಾಲ್ಕು ತಿಂಗಳು. ಕ್ಯಾಲೆಂಡರಿನಲ್ಲಿ ಆರನೇ ತಿಂಗಳ ಕೊನೆಯ ದಿನಕ್ಕೂ ಕೆಂಪು ಸುತ್ತು ಬಿದ್ದಿದೆ.